ಎರಡು ಸಾಲಿನ ಜಾಗದಲ್ಲಿ ಒಂದು ಸೀರೆ

ಗೂಗಲ್‌ನಲ್ಲಿ ‘ಇಳಕಲ್ ಸೀರೆ’ ಎಂದು ಹುಡುಕಿದರೆ ಒಂದರ ಕೆಳಗೊಂದು ಅಂಗಡಿಗಳು ಸಾಲುಗಟ್ಟುತ್ತವೆ. ಪ್ರತಿಯೊಂದಕ್ಕೂ ದೊಡ್ಡ ಅಕ್ಷರದಲ್ಲಿ ಒಂದು ಶೀರ್ಷಿಕೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ವಿವರಣೆ, ಕೊನೆಗೆ ಮೂರು ಚುಕ್ಕಿ. ಆ ಎರಡು ಸಾಲುಗಳನ್ನಷ್ಟೇ ಓದುತ್ತಾ ಹೋದರೆ ಬೇಗ ಒಂದು ಬೇಸರ ಹಿಡಿಯುತ್ತದೆ. ‘ಅತ್ಯುತ್ತಮ ಗುಣಮಟ್ಟದ ಸೀರೆಗಳು’, ‘ಸಾಂಪ್ರದಾಯಿಕ ಸೊಬಗು’, ‘ಕೈಗೆಟುಕುವ ಬೆಲೆ’, ‘ಇಂದೇ ಖರೀದಿಸಿ’. ಅಂಗಡಿಯ ಹೆಸರು ಅಳಿಸಿ ಇನ್ನೊಂದರ ಹೆಸರು ಬರೆದರೂ ನಡೆಯುತ್ತದೆ. ಇಳಕಲ್ ತೆಗೆದು ಮೊಳಕಾಲ್ಮೂರು ಎಂದು ಹಾಕಿದರೂ ನಡೆಯುತ್ತದೆ. ಕೊಳ್ಳಲು ಬಂದವಳ ಬೆರಳು ಪರದೆಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಯಾಕೆಂದರೆ ನಿಲ್ಲಲು ಕಾರಣವೇ ಸಿಗುವುದಿಲ್ಲ.

ಆ ಎರಡು ಸಾಲು ಅಲ್ಲಿಗೆ ಹೇಗೆ ಬರುತ್ತವೆ ಎಂಬುದು ಎಷ್ಟೋ ಅಂಗಡಿಕಾರರಿಗೆ ಗೊತ್ತಿಲ್ಲ. ವೆಬ್‌ಸೈಟಿನ ಪ್ರತಿ ಪುಟದ ಹಿಂಭಾಗದಲ್ಲಿ, ಓದುಗರ ಕಣ್ಣಿಗೆ ಬೀಳದ ಒಂದು ಜಾಗವಿದೆ. ಅದನ್ನು ಮೆಟಾ ಡಿಸ್ಕ್ರಿಪ್ಷನ್ ಎನ್ನುತ್ತಾರೆ. ಅಲ್ಲಿ ಬರೆದದ್ದನ್ನು ಗೂಗಲ್ ಎತ್ತಿ ಶೀರ್ಷಿಕೆಯ ಕೆಳಗೆ ತೋರಿಸಬಹುದು. ಶಾಪಿಫೈನಂಥ ಅಂಗಡಿ ಕಟ್ಟುವ ಸೇವೆಗಳಲ್ಲಿ ಆ ಜಾಗ ಖಾಲಿ ಬಿಟ್ಟರೆ ಸಾಮಾನ್ಯವಾಗಿ ಉತ್ಪನ್ನದ ವಿವರಣೆಯ ಆರಂಭವೇ ಅಲ್ಲಿಗೆ ಬಂದು ಕೂರುತ್ತದೆ. ಕೈಕಸುಬಿನ ವಸ್ತುಗಳನ್ನು ಮಾರುವ ಎಟ್ಸಿಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಅಂದರೆ ನೀವು ಸೀರೆಯ ಬಗ್ಗೆ ಬರೆದ ಮೊದಲ ವಾಕ್ಯ ನಿಮ್ಮ ಪುಟದಲ್ಲಷ್ಟೇ ಇರುವುದಿಲ್ಲ. ಪುಟಕ್ಕೆ ಇನ್ನೂ ಬಾರದವರ ಮುಂದೆ, ಹತ್ತು ಬೇರೆ ಅಂಗಡಿಗಳ ನಡುವೆ, ಫೋಟೋದ ಬೆಂಬಲವೂ ಇಲ್ಲದೆ ಅದು ನಿಂತಿರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಬೇಕು. ಈ ವಿವರಣೆಯಲ್ಲಿ ‘ಇಳಕಲ್ ಸೀರೆ, ಇಲಕಲ್ ಸೀರೆ, ಇಳಕಲ್ ಸಾರಿ ಆನ್‌ಲೈನ್’ ಎಂದು ಪದಗಳನ್ನು ತುರುಕಿದರೆ ಪುಟ ಮೇಲಕ್ಕೆ ಏರುತ್ತದೆ ಎಂದು ನಂಬಿದವರು ಇಂದಿಗೂ ಇದ್ದಾರೆ. ಫಲಿತಾಂಶದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ನಿರ್ಧರಿಸಲು ಮೆಟಾ ಡಿಸ್ಕ್ರಿಪ್ಷನ್ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಸ್ಪಷ್ಟವಾಗಿ ಹೇಳಿಬಿಟ್ಟಿದೆ. ಆ ಸಾಲಿಗೆ ಇರುವುದು ಒಂದೇ ಕೆಲಸ: ಪುಟ ಕಣ್ಣಿಗೆ ಬಿದ್ದ ಮೇಲೆ ಬೆರಳನ್ನು ಅದರ ಮೇಲೆ ಒತ್ತಿಸುವುದು. ಹೀಗಾಗಿ ಅದನ್ನು ಯಂತ್ರಕ್ಕಾಗಿ ಬರೆಯುವುದರಲ್ಲಿ ಅರ್ಥವಿಲ್ಲ, ಓದುವುದು ಮನುಷ್ಯರೇ.

ಮನುಷ್ಯರು ಹೇಗೆ ಓದುತ್ತಾರೆ? ಜಾಕೊಬ್ ನೀಲ್ಸನ್ 2006ರಲ್ಲಿ 232 ಮಂದಿಯ ಕಣ್ಣಿನ ಚಲನೆಯನ್ನು ಉಪಕರಣದಿಂದ ಗುರುತಿಸಿ, ಪರದೆಯ ಮೇಲೆ ಜನ ಸಾಮಾನ್ಯವಾಗಿ ಇಂಗ್ಲಿಷಿನ ‘ಎಫ್’ ಅಕ್ಷರದ ಆಕಾರದಲ್ಲಿ ಕಣ್ಣಾಡಿಸುತ್ತಾರೆ ಎಂದು ತೋರಿಸಿದರು. ಮೇಲಿನ ಒಂದೆರಡು ಸಾಲುಗಳ ಮೇಲೆ ಕಣ್ಣು ಅಡ್ಡಡ್ಡ ಹೋಗುತ್ತದೆ. ಆಮೇಲೆ ಎಡಬದಿಯನ್ನೇ ಹಿಡಿದು ಕೆಳಗಿಳಿಯುತ್ತದೆ. ಹುಡುಕಾಟದ ಫಲಿತಾಂಶಕ್ಕೆ ಇದನ್ನು ಹಚ್ಚಿ ನೋಡಿದರೆ ಸಿಗುವ ಪಾಠ ಇಷ್ಟೇ: ನಾಲ್ಕನೆಯದೋ ಐದನೆಯದೋ ಸ್ಥಾನದಲ್ಲಿರುವ ನಿಮ್ಮ ಅಂಗಡಿಯ ವಿವರಣೆಯಲ್ಲಿ ಓದುಗಳಿಗೆ ನಿಜವಾಗಿ ಕಾಣುವುದು ಎಡತುದಿಯ ಎರಡು ಮೂರು ಪದ. ಅಲ್ಲಿ ‘ನಮ್ಮ ಅಂಗಡಿಗೆ ಸುಸ್ವಾಗತ’ ಎಂದು ಬರೆದವರು ಇದ್ದ ಒಂದೇ ಮೊಳ ಜಾಗವನ್ನು ನಮಸ್ಕಾರ ಹೇಳುವುದಕ್ಕೇ ಕಳೆದುಬಿಟ್ಟಂತೆ.

ಹಾಗಾದರೆ ಆ ಎಡತುದಿಗೆ ಏನು ಬರಬೇಕು? ಇದಕ್ಕೆ ಉತ್ತರ ಬರವಣಿಗೆಯ ಪುಸ್ತಕಗಳಲ್ಲಿ ಇಲ್ಲ, ಸೀರೆಯಲ್ಲೇ ಇದೆ. ಅದಕ್ಕೇ ಮೊದಲು ಸೀರೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಗೆ ಮೈ ಬೇರೆ, ಸೆರಗು ಬೇರೆ. ಮೈಗೆ ಸಾಮಾನ್ಯವಾಗಿ ಹತ್ತಿಯ ಹಾಸು. ಸೆರಗಿಗೆ ರೇಷ್ಮೆಯದ್ದೋ ಕೃತಕ ರೇಷ್ಮೆಯದ್ದೋ ಹಾಸು. ಈ ಎರಡು ಹಾಸುಗಳನ್ನು ಕುಣಿಕೆ ಕುಣಿಕೆಯಾಗಿ ಒಂದಕ್ಕೊಂದು ಕೋಯ್ದು ಜೋಡಿಸುತ್ತಾರೆ. ಆ ಜೋಡಣೆಗೆ ತೋಪ್ ತೆನಿ ಎಂದು ಹೆಸರು. ಕೆಂಪು ಸೆರಗಿನ ನಡುವೆ ಬಿಳಿಯ ಪಟ್ಟಿಗಳು ಬರುವ ಆ ಸೆರಗನ್ನೂ ತೋಪ್ ತೆನಿ ಸೆರಗು ಎಂದೇ ಕರೆಯುತ್ತಾರೆ. ಈ ವಿಧಾನದಲ್ಲಿ ಒಂದು ಹಾಸು ಹಾಕಿ ಹತ್ತು ಸೀರೆ ನೇಯಲು ಆಗುವುದಿಲ್ಲ. ಪ್ರತಿ ಸೀರೆಗೂ ಹಾಸನ್ನು ಬೇರೆ ಬೇರೆಯೇ ಸಿದ್ಧಪಡಿಸಬೇಕು. ಉದ್ದ ಆರು ಗಜ, ಎಂಟು ಗಜ, ಒಂಬತ್ತು ಗಜ ಹೀಗೆ ಬದಲಾಗುತ್ತದೆ. ದಡಿಯಲ್ಲಿ ಚಿಕ್ಕಿ, ಗೋಮಿ, ಗಾಡಿ, ಪರಾಸಪೇಟ ಮುಂತಾದ ನಮೂನೆಗಳಿವೆ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಹೊಂದಿಸುವುದು ಆ ಕಡೆಯ ಹಳೆಯ ವಾಡಿಕೆ.

ಹೇಳಲು ಇಷ್ಟೆಲ್ಲ ಇದೆ. ಎಲ್ಲವೂ ಚೆನ್ನಾಗಿದೆ. ಮೊದಲ ವಾಕ್ಯಕ್ಕೆ ಇದರಲ್ಲಿ ಬೇಕಾದದ್ದು ಒಂದೋ ಎರಡೋ ಮಾತ್ರ. ಆರಿಸುವುದು ಹೇಗೆ ಎಂಬಲ್ಲೇ ಹೆಚ್ಚಿನವರು ಸೋಲುತ್ತಾರೆ. ಮಾರುವವರಿಗೆ ಹೆಮ್ಮೆ ಯಾವುದರ ಬಗ್ಗೆ ಇದೆಯೋ ಅದನ್ನು ಮೊದಲು ಬರೆಯುತ್ತಾರೆ. ಮೂರು ತಲೆಮಾರಿನ ಕಸುಬು, ತಾತ ಹೂಡಿದ ಮಗ್ಗ. ಕೊಳ್ಳುವವಳ ತಲೆಯಲ್ಲಿ ಆ ಹೊತ್ತಿಗೆ ಓಡುತ್ತಿರುವುದು ಬೇರೆಯದೇ.

ಅದೇನೆಂದು ತಿಳಿಯಲು ಕೌಂಟರಿನ ಮಾತಿಗೆ ಕಿವಿಗೊಡಬೇಕು. ಇಳಕಲ್ ಸೀರೆ ಮಾರುವ ಯಾವ ಅಂಗಡಿಯಲ್ಲಾದರೂ ಕೇಳಿಸಬಹುದಾದ ಮಾತು ಇದು:

“ಅಣ್ಣಾರ, ಇದು ಪೂರಾ ರೇಷ್ಮಿದೇನ್ರಿ?”

“ಇಲ್ರಿ ಅಕ್ಕಾರ. ಮೈ ಹತ್ತಿ, ಸೆರಗು ರೇಷ್ಮಿ. ಇಲ್ಲಿ ನೋಡ್ರಿ, ಕೈಲೆ ಜೋಡಿಸಿದ್ದು.”

“ಬ್ಲೌಸ್ ಪೀಸ್ ಇದರಾಗ ಬರ್ತೈತೇನು?”

“ಅದು ಬ್ಯಾರೆ ತಗೋಬೇಕ್ರಿ. ಖಣ ತೋರಸ್ಲೇನು?”

ಈ ಅಂಗಡಿಕಾರರಿಗೆ ಜಾಹೀರಾತು ಬರೆಯಲು ಯಾರೂ ಕಲಿಸಿಲ್ಲ. ಆದರೂ ‘ಮೈ ಹತ್ತಿ, ಸೆರಗು ರೇಷ್ಮಿ’ ಎಂಬ ನಾಲ್ಕು ಪದಗಳಲ್ಲಿ ಅವರು ಹೇಳಿದ್ದು ಹುಡುಕಾಟದ ಪುಟದಲ್ಲಿ ಇರಬೇಕಾದ ಮಾತೇ. ಅದೇ ಮನುಷ್ಯ ವೆಬ್‌ಸೈಟಿಗೆ ವಿವರಣೆ ಬರೆದುಕೊಡಿ ಎಂದ ಕೂಡಲೇ ‘ಅತ್ಯುತ್ತಮ ಗುಣಮಟ್ಟದ’ ಎಂದು ಶುರುಮಾಡುತ್ತಾರೆ. ಬರೆಯುವುದೆಂದರೆ ಮಾತಾಡುವುದಕ್ಕಿಂತ ಭಾರಿಯಾಗಿರಬೇಕು ಎಂಬ ನಮ್ಮ ಶಾಲೆಯ ಪ್ರಬಂಧದ ಅಭ್ಯಾಸ ಇದಕ್ಕೆ ಕಾರಣವಿರಬೇಕು ಎಂದು ನನ್ನ ಗುಮಾನಿ.

ಆದ್ದರಿಂದ ಮೊದಲ ವಾಕ್ಯಕ್ಕೆ ಕೂರುವ ಮುನ್ನ ಮಾಡಬೇಕಾದ ಕೆಲಸ ವಾಟ್ಸ್ಯಾಪಿನ ಹಳೆಯ ಸಂದೇಶಗಳನ್ನು ತೆಗೆದು ಓದುವುದು. ಗಿರಾಕಿಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಯಾವುದು? ‘ಪ್ಯೂರ್ ಸಿಲ್ಕಾ?’ ಎಂದೋ, ‘ಕೈಮಗ್ಗವೋ ಪವರ್‌ಲೂಮೋ?’ ಎಂದೋ, ‘ಎಷ್ಟು ಗಜ?’ ಎಂದೋ ಒಂದು ಪ್ರಶ್ನೆ ಉಳಿದವಕ್ಕಿಂತ ಹೆಚ್ಚು ಸಲ ಬಂದಿರುತ್ತದೆ. ಅದರ ಉತ್ತರವೇ ಮೊದಲ ವಾಕ್ಯ. ಒಬ್ಬಳು ಕೇಳಿದಳೆಂದರೆ ಕೇಳದೆಯೇ ಪರದೆ ಸರಿಸಿ ಹೋದವರು ಎಷ್ಟೋ ಮಂದಿ ಇರುತ್ತಾರೆ.

ಎರಡನೆಯ ಮೂಲ ಗೂಗಲ್ಲೇ ಉಚಿತವಾಗಿ ಕೊಡುವ ಸರ್ಚ್ ಕನ್ಸೋಲ್. ನಿಮ್ಮ ಪುಟ ಯಾವ ಯಾವ ಹುಡುಕಾಟಕ್ಕೆ ಕಾಣಿಸಿಕೊಂಡಿತು, ಎಷ್ಟು ಸಲ ಕಾಣಿಸಿತು, ಅದರಲ್ಲಿ ಎಷ್ಟು ಸಲ ಒತ್ತಿದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿತ್ತು ಎಂಬುದನ್ನು ಅದು 16 ತಿಂಗಳ ಹಿಂದಿನವರೆಗೂ ತೋರಿಸುತ್ತದೆ. ಅಲ್ಲಿ ಬರಿಯ `ilkal saree` ಜೊತೆಗೆ `ilkal saree with silk pallu` ಎಂಬ ಹುಡುಕಾಟವೂ ಇದ್ದರೆ ಎರಡನ್ನೂ ಒಂದೇ ತೂಕದಲ್ಲಿ ನೋಡಬಾರದು. ಮೊದಲನೆಯದನ್ನು ಹುಡುಕಿದವಳು ಸುಮ್ಮನೆ ನೋಡಲು ಬಂದಿರಬಹುದು. ಎರಡನೆಯದನ್ನು ಹುಡುಕಿದವಳಿಗೆ ಏನು ಬೇಕೆಂದು ಆಗಲೇ ಗೊತ್ತು. ಮೊದಲ ವಾಕ್ಯವನ್ನು ನಾನಾದರೆ ಎರಡನೆಯವಳಿಗಾಗಿ ಬರೆಯುತ್ತೇನೆ.

ಈಗ ಒಂದು ವಿವರಣೆಯನ್ನು ತಿದ್ದಿ ನೋಡೋಣ. ಒಂದು ಅಂಗಡಿಯ ಪುಟ ಹೀಗೆ ಶುರುವಾಗುತ್ತದೆ ಎಂದಿಟ್ಟುಕೊಳ್ಳಿ: ‘ಮೂರು ತಲೆಮಾರುಗಳಿಂದ ಇಳಕಲ್ಲಿನಲ್ಲಿ ನೇಕಾರಿಕೆಯನ್ನೇ ಉಸಿರಾಗಿಸಿಕೊಂಡು ಬಂದಿರುವ ನಮ್ಮ ಕುಟುಂಬದವರು ತಮ್ಮ ಕೈಯಾರೆ ಕುಣಿಮಗ್ಗದಲ್ಲಿ ನೇಯ್ದ, ಅಪ್ಪಟ ರೇಷ್ಮೆಯ ಸೆರಗುಳ್ಳ ಸೀರೆಗಳನ್ನು ನೇರವಾಗಿ ನಿಮ್ಮ ಮನೆಬಾಗಿಲಿಗೆ ತಲುಪಿಸುತ್ತಾರೆ.’ ವ್ಯಾಕರಣ ಸರಿಯಿದೆ, ಸುಳ್ಳೇನೂ ಇಲ್ಲ, ಓದಲೂ ಚೆನ್ನಾಗಿದೆ. ಫೋನಿನ ಪರದೆಯಲ್ಲಿ ಮಾತ್ರ ಇದು ‘ತಮ್ಮ ಕೈಯಾರೆ...’ ಎಂಬಲ್ಲಿಗೋ ‘ಕುಣಿಮಗ್ಗದಲ್ಲಿ...’ ಎಂಬಲ್ಲಿಗೋ ತುಂಡಾಗುತ್ತದೆ. ಸೀರೆ ಎಂಬ ಪದವೇ ಬರಲಿಲ್ಲ. ಕೈಯಾರೆ ಏನು ಮಾಡಿದರು ಎಂಬುದೂ ತಿಳಿಯಲಿಲ್ಲ.

ಇದು ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿಶೇಷಣಗಳು, ‘ನೇಯ್ದ’, ‘ಬಂದಿರುವ’ ಎಂಬ ಕೃದಂತಗಳು ಒಂದರ ಹಿಂದೊಂದು ಬಂದು, ಯಾವುದರ ಬಗ್ಗೆ ಹೇಳುತ್ತಿದ್ದೇವೋ ಆ ನಾಮಪದ ಅವುಗಳೆಲ್ಲದರ ಹಿಂದೆ ನಿಲ್ಲುತ್ತದೆ. ಎದುರು ಕೂತು ಕೇಳುವವರಿಗೆ ಇದರಿಂದ ಕುತೂಹಲ ಹುಟ್ಟಬಹುದು. ನಡುವೆ ಕತ್ತರಿ ಬೀಳುವ ಕಡೆ ಇದೇ ಮುಳುವಾಗುತ್ತದೆ. ಇಂಗ್ಲಿಷ್ ವಾಕ್ಯವನ್ನು ಮಧ್ಯದಲ್ಲಿ ಕತ್ತರಿಸಿದರೆ ಸಾಮಾನ್ಯವಾಗಿ ಬಾಲ ಹೋಗುತ್ತದೆ, ಕನ್ನಡದ ಉದ್ದ ವಾಕ್ಯವನ್ನು ಕತ್ತರಿಸಿದರೆ ತಲೆಯೇ ಹೋಗುತ್ತದೆ.

ಇದಕ್ಕೆ ಪರಿಹಾರವೂ ಕನ್ನಡದಲ್ಲೇ ಇದೆ. ಕ್ರಿಯಾಪದವೇ ಇಲ್ಲದ ಪೂರ್ಣ ವಾಕ್ಯ ನಮ್ಮಲ್ಲಿ ಸಹಜ. ‘ಅವರ ಊರು ಇಳಕಲ್’, ‘ಇವಳು ನನ್ನ ತಂಗಿ’. ಕೌಂಟರಿನಲ್ಲಿ ಕೇಳಿದ ಮಾತೂ ಇದೇ ಜಾತಿಯದು. ಅದನ್ನೇ ಸ್ವಲ್ಪ ಗ್ರಂಥಸ್ಥ ಮಾಡಿದರೆ ಸಾಕು: ‘ಮೈ ಹತ್ತಿ, ಸೆರಗು ಅಪ್ಪಟ ರೇಷ್ಮೆ.’ ಇಲ್ಲಿಗೆ ಪೂರ್ಣವಿರಾಮ. ಎಷ್ಟು ಸಣ್ಣ ಪರದೆಯಾದರೂ ಇದು ತುಂಡಾಗದು. ಇದಾದ ಮೇಲೆ ಎರಡನೆಯ ವಾಕ್ಯದಲ್ಲಿ ಜೋಡಣೆ, ಮಗ್ಗ, ಉದ್ದ. ಮೂರನೆಯದರಲ್ಲಿ ಕುಪ್ಪಸದ ವಿಷಯ. ಪುಟದ ಹಿಂಭಾಗದಲ್ಲಿ ಅದು ಹೀಗೆ ಕೂರುತ್ತದೆ:

```html
<meta name="description" content="ಮೈ ಹತ್ತಿ, ಸೆರಗು ಅಪ್ಪಟ ರೇಷ್ಮೆ. ಎರಡನ್ನೂ ಕೈಯಲ್ಲೇ ಜೋಡಿಸಿ ನೇಯ್ದ 6 ಗಜದ ಇಳಕಲ್ ಸೀರೆ. ಕುಪ್ಪಸದ ಬಟ್ಟೆ ಜೊತೆಗಿಲ್ಲ.">
```

ಇದರಲ್ಲಿ ಬಣ್ಣದ ಮಾತಿಲ್ಲ, ದಡಿಯ ಹೆಸರಿಲ್ಲ. ಅವು ಮೇಲಿನ ಶೀರ್ಷಿಕೆಯಲ್ಲಿ, ‘ಗಿಳಿಹಸಿರು ಇಳಕಲ್ ಸೀರೆ, ಚಿಕ್ಕಿ ದಡಿ’ ಎಂದು ಆಗಲೇ ಬಂದಿರುತ್ತವೆ. ಶೀರ್ಷಿಕೆಯನ್ನೇ ಬೇರೆ ಮಾತಿನಲ್ಲಿ ಹೇಳುವ ಮೊದಲ ವಾಕ್ಯ ಇದ್ದೂ ಇಲ್ಲದಂತೆ. ಬೆಲೆಯೂ ಇಲ್ಲ, ಯಾಕೆಂದರೆ ಅಂಗಡಿಯ ಸಾಫ್ಟ್‌ವೇರ್ ಬೆಲೆ ಮತ್ತು ದಾಸ್ತಾನಿನ ಮಾಹಿತಿಯನ್ನು ಗೂಗಲ್‌ಗೆ ಅರ್ಥವಾಗುವ ರೂಪದಲ್ಲಿ ಕೊಟ್ಟಿದ್ದರೆ ಅದು ವಿವರಣೆಯ ಪಕ್ಕದಲ್ಲಿ ತಾನಾಗಿಯೇ ಕಾಣಿಸಿಕೊಳ್ಳಬಲ್ಲದು. ವಾಕ್ಯದೊಳಗೆ ಬೆಲೆ ಬರೆದಿಟ್ಟು, ಮುಂದಿನ ತಿಂಗಳು ನೂಲಿನ ದರ ಏರಿ ಸೀರೆಯ ಬೆಲೆ ಬದಲಿಸಿದಿರಿ ಎನ್ನಿ. ಹಳೆಯ ಬೆಲೆ ಹುಡುಕಾಟದ ಪುಟದಲ್ಲಿ ಇನ್ನೂ ಕೆಲ ದಿನ ಕೂತಿರುತ್ತದೆ, ಬಂದ ಗಿರಾಕಿ ಜಗಳಕ್ಕೆ ನಿಲ್ಲುತ್ತಾಳೆ.

‘ಕುಪ್ಪಸದ ಬಟ್ಟೆ ಜೊತೆಗಿಲ್ಲ’ ಎಂದು ಇಲ್ಲದ್ದನ್ನು ಯಾಕೆ ಮೊದಲೇ ಹೇಳಬೇಕು ಎಂದು ಕೇಳುವವರುಂಟು. ಅದನ್ನು ಓದಿ ಒತ್ತದೇ ಹೋಗುವವಳು ಪುಟಕ್ಕೆ ಬಂದಿದ್ದರೂ ಕೊಳ್ಳುತ್ತಿರಲಿಲ್ಲ. ಕೊಂಡಿದ್ದರೆ ಬ್ಲೌಸ್ ಪೀಸ್ ಎಲ್ಲಿ ಎಂದು ವಾಪಸು ಕಳಿಸುತ್ತಿದ್ದಳು. ಹಿಂದಿರುಗಿ ಬಂದ ಸೀರೆಯ ಕೊರಿಯರ್ ಖರ್ಚು ಎರಡೂ ಕಡೆಯದು ಅಂಗಡಿಯ ತಲೆಗೇ ಬರುವುದು ಹೆಚ್ಚು. ನನ್ನ ಲೆಕ್ಕದಲ್ಲಿ ಒಳ್ಳೆಯ ಮೊದಲ ಸಾಲು ಬೇಕಾದವರನ್ನು ಕರೆಯುವಷ್ಟೇ ನೇರವಾಗಿ ಬೇಡದವರನ್ನು ಮುಂದೆ ಕಳಿಸಬೇಕು.

ಎಷ್ಟು ಉದ್ದ ಬರೆಯಬಹುದು ಎಂಬ ಪ್ರಶ್ನೆಗೆ ಇಂಟರ್ನೆಟ್ಟಿನ ತುಂಬ ಸಿಗುವ ಉತ್ತರ 155ರಿಂದ 160 ಅಕ್ಷರ. ಅದು ಗೂಗಲ್ ಹಾಕಿದ ನಿಯಮವಲ್ಲ. ಇಷ್ಟೇ ಉದ್ದ ಎಂಬ ಮಿತಿ ಇಲ್ಲ, ಸಾಧನದ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತೇವೆ ಎನ್ನುವುದಷ್ಟೇ ಅವರ ಮಾತು. 2017ರ ಡಿಸೆಂಬರಿನಲ್ಲಿ ಈ ಜಾಗವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿದ್ದರು. ಎಷ್ಟೋ ಅಂಗಡಿಗಳು ಕಷ್ಟಪಟ್ಟು ಎಲ್ಲ ವಿವರಣೆಗಳನ್ನೂ ಉದ್ದ ಮಾಡಿದವು. 2018ರ ಮೇ ತಿಂಗಳಲ್ಲಿ ಅದು ಮತ್ತೆ ಹಳೆಯ ಅಳತೆಗೆ ಇಳಿಯಿತು. ಮೊದಲ ವಾಕ್ಯ ಚಿಕ್ಕದಾಗಿ, ತನ್ನಷ್ಟಕ್ಕೆ ಪೂರ್ಣವಾಗಿ ಇದ್ದವರಿಗೆ ಈ ಏರಿಳಿತದಲ್ಲಿ ಕಳೆದುಕೊಳ್ಳುವುದೇನೂ ಇರಲಿಲ್ಲ.

ಕನ್ನಡಕ್ಕಂತೂ ಆ 155ರ ಲೆಕ್ಕ ಹೊಂದುವುದೇ ಇಲ್ಲ. ‘ರೇಷ್ಮೆ’ ಎಂಬುದು ನಮ್ಮ ಕಣ್ಣಿಗೆ ಎರಡೇ ಅಕ್ಷರ, ರೇ ಮತ್ತು ಷ್ಮೆ. ಕಂಪ್ಯೂಟರು ಅದನ್ನು ಆರು ಎಂದು ಎಣಿಸುತ್ತದೆ: ರ, ಏತ್ವ, ಷ, ಅದರ ಕೆಳಗಿನ ಹಲಂತ, ಮ, ಎತ್ವ. ‘ಹತ್ತಿ’ ಕಣ್ಣಿಗೆ ಎರಡು, ಯಂತ್ರಕ್ಕೆ ಐದು. ಹಾಗೆಂದು ಕನ್ನಡಕ್ಕೆ ಜಾಗ ಕಡಿಮೆ ಸಿಗುತ್ತದೆ ಎಂದೂ ಸೀದಾ ಹೇಳಲಾಗದು. ಕತ್ತರಿ ಬೀಳುವುದು ಎಣಿಕೆಗಲ್ಲ, ಅಗಲಕ್ಕೆ. ಒತ್ತಕ್ಷರ ಕೆಳಗೆ ಇಳಿದು ಕೂರುವುದರಿಂದ ಅಗಲ ಹೆಚ್ಚು ತಿನ್ನುವುದಿಲ್ಲ, ದೀರ್ಘಗಳು ಮತ್ತು ‘ಋ’, ‘ಖಾ’ದಂಥವು ಧಾರಾಳವಾಗಿ ತಿನ್ನುತ್ತವೆ. ಹೀಗಾಗಿ ಎಣಿಸುವ ಉಪಕರಣಗಳನ್ನು ಬದಿಗಿಟ್ಟು, ಒಂದು ಸಾಧಾರಣ ಫೋನಿನಲ್ಲಿ ನಿಮ್ಮದೇ ಪುಟವನ್ನು ಹುಡುಕಿ ಎಲ್ಲಿಗೆ ತುಂಡಾಗಿದೆ ಎಂದು ನೋಡುವುದೇ ನಂಬಬಹುದಾದ ಅಳತೆ. ಹುಡುಕುವ ಪೆಟ್ಟಿಗೆಯಲ್ಲಿ `site:` ಎಂದು ಬರೆದು, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ವಿಳಾಸ ಹಾಕಿ, ಮುಂದೆ ಸೀರೆಯ ಹೆಸರು ಬರೆದರೆ ನಿಮ್ಮ ಪುಟಗಳು ಮಾತ್ರ ಬರುತ್ತವೆ.

ಇಷ್ಟೆಲ್ಲ ಮಾಡಿ ನೋಡಿದಾಗ ಒಂದು ವಿಚಿತ್ರ ಕಾಣಬಹುದು. ನೀವು ಬರೆದ ಸಾಲು ಅಲ್ಲಿ ಇಲ್ಲ! ಅದರ ಬದಲು ‘ಗಮನಿಸಿ: ಫೋಟೋ ತೆಗೆಯುವಾಗಿನ ಬೆಳಕಿನಿಂದ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು, ಇದನ್ನು ಬೇರೆ ಬಟ್ಟೆಗಳೊಂದಿಗೆ ಒಗೆಯಬೇಡಿ...’ ಎಂಬ ಸಾಲು ರಾರಾಜಿಸುತ್ತಿರುತ್ತದೆ. ಗೂಗಲ್ ನಿಮ್ಮ ಮಾತನ್ನು ಬಳಸಲೇಬೇಕೆಂದಿಲ್ಲ. ಹುಡುಕಿದ ಪದಗಳಿಗೆ ಪುಟದೊಳಗಿನ ಬೇರೆ ವಾಕ್ಯವೇ ಹೆಚ್ಚು ಹೊಂದುತ್ತದೆ ಎನಿಸಿದರೆ ಅದನ್ನೇ ಎತ್ತುತ್ತದೆ. ಅಹ್ರೆಫ್ಸ್ ಎಂಬ ಸಂಸ್ಥೆ 2020ರಲ್ಲಿ ಪರಿಶೀಲಿಸಿದಾಗ ಹತ್ತರಲ್ಲಿ ಆರಕ್ಕೂ ಹೆಚ್ಚು ಸಲ ಹೀಗಾಗುತ್ತಿತ್ತು. ಬಣ್ಣದ ಬಗ್ಗೆ ಹುಡುಕಿದವಳಿಗೆ ನಿಮ್ಮ ಪುಟದಲ್ಲಿ ‘ಬಣ್ಣ’ ಎಂಬ ಪದವಿದ್ದ ಒಂದೇ ವಾಕ್ಯ ಆ ಎಚ್ಚರಿಕೆಯದಾಗಿದ್ದರೆ, ತಪ್ಪು ಯಂತ್ರದ್ದಲ್ಲ.

ಇದಕ್ಕೆ ಹೆದರಿ ಮೊದಲ ವಾಕ್ಯವನ್ನೇ ಕೈಬಿಡಬೇಕಿಲ್ಲ, ಎರಡು ಕಡೆ ಕೈಯಾಡಿಸಿದರೆ ಸಾಕು. ಎಲ್ಲ ಸೀರೆಗಳಿಗೂ ಒಂದೇ ವಿವರಣೆಯನ್ನು ಅಂಟಿಸಿದ ಅಂಗಡಿಗಳಲ್ಲಿ ಈ ಕಾಟ ಹೆಚ್ಚು. ನೂರು ಪುಟಕ್ಕೂ ಒಂದೇ ಸಾಲು ಇದ್ದರೆ ಆ ಸಾಲು ಯಾವ ಪುಟವನ್ನೂ ಬಣ್ಣಿಸುತ್ತಿಲ್ಲ ಎಂದೇ ಅರ್ಥ. ಹಾಗಾಗಿ ಪ್ರತಿ ಸೀರೆಗೂ ಮೊದಲ ವಾಕ್ಯ ಬೇರೆಯೇ ಇರಲಿ. ಎರಡನೆಯದು, ಪುಟದ ಒಳಗಿನ ವಾಕ್ಯಗಳನ್ನೂ ಒಂಟಿಯಾಗಿ ಎತ್ತಿದರೂ ಅರ್ಥವಾಗುವಂತೆ ಬರೆಯುವುದು. ‘ಇದು ತುಂಬಾ ಹಗುರ’ ಎಂಬುದಕ್ಕಿಂತ ‘ಹತ್ತಿಯ ಮೈ ಇರುವುದರಿಂದ ಈ ಇಳಕಲ್ ಸೀರೆ ದಿನವಿಡೀ ಉಟ್ಟರೂ ಹಗುರ’ ಎಂಬುದನ್ನು ಎಲ್ಲಿ ತೋರಿಸಿದರೂ ನಷ್ಟವಿಲ್ಲ. ಒಗೆಯುವ ಸೂಚನೆ, ವಾಪಸಾತಿ ನಿಯಮಗಳನ್ನು ಮಾತ್ರ ಎತ್ತಲೇಬಾರದು ಎಂದಿದ್ದರೆ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಆ ಭಾಗಕ್ಕೆ `data-nosnippet` ಹಾಕಿ ಎಂದರೆ ಅವರಿಗೆ ತಿಳಿಯುತ್ತದೆ.

ಭಾಷೆಯ ಪ್ರಶ್ನೆಯೂ ಒಂದಿದೆ. ಇಳಕಲ್ ಸೀರೆಯನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಹುಡುಕುವ ಎಷ್ಟೋ ಮಂದಿ, ಮನೆಮಾತು ಕನ್ನಡವೇ ಆದರೂ, ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡುತ್ತಾರೆ. ಆ ಹುಡುಕಾಟಕ್ಕೆ ಇಂಗ್ಲಿಷ್ ಪುಟವೇ ಬೇಕು. ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಸಾಲಿನಲ್ಲಿ ಕಲಸಿದರೆ ಎರಡೂ ಕಡೆಯವರಿಗೆ ಅರ್ಧರ್ಧ ಸಿಗುತ್ತದೆ. ಎರಡು ಪುಟ ಮಾಡಿ, ಇಂಗ್ಲಿಷಿನದಕ್ಕೆ `Cotton body, pure silk pallu.` ಎಂದೇ ಶುರುಮಾಡಬಹುದು. ಕೌಂಟರಿನ ಮಾತು ಯಾವ ಭಾಷೆಗೆ ಹೋದರೂ ಅಷ್ಟೇ ಚುಟುಕಾಗಿ ನಿಲ್ಲುತ್ತದೆ. ವಾಟ್ಸ್ಯಾಪಿನಲ್ಲಿ ಪುಟದ ಕೊಂಡಿ ಕಳಿಸಿದಾಗ ಫೋಟೋದ ಕೆಳಗೆ ಬರುವ ಸಣ್ಣ ವಿವರಣೆ `og:description` ಎಂಬ ಬೇರೆ ಜಾಗದಿಂದ ಬರುತ್ತದೆ. ಅಲ್ಲಿಗೂ ಇದೇ ವಾಕ್ಯ ಹಾಕಿಡುವುದು ಒಳ್ಳೆಯದು. ಅಮೆಜಾನ್ ಒಳಗಿನ ಹುಡುಕಾಟದಲ್ಲಿ ಮಾತ್ರ ಈ ಶ್ರಮಕ್ಕೆ ಫಲವಿಲ್ಲ. ಅಲ್ಲಿ ಪಟ್ಟಿಯಲ್ಲಿ ಫೋಟೋ, ಶೀರ್ಷಿಕೆ, ಬೆಲೆ ಕಾಣುತ್ತವೆ, ವಿವರಣೆ ಕಾಣುವುದಿಲ್ಲ. ಹತ್ತಿ, ರೇಷ್ಮೆಯ ಮಾತು ಅಲ್ಲಿ ಶೀರ್ಷಿಕೆಯ ಮೊದಲ ಭಾಗಕ್ಕೇ ಹೋಗಬೇಕು.

ಸಾಲು ಬದಲಿಸಿದ್ದು ಕೆಲಸ ಮಾಡಿತೇ ಎಂದು ತಿಳಿಯುವುದು ಅಂದುಕೊಂಡಷ್ಟು ಸುಲಭವಲ್ಲ. ಗೂಗಲ್ ಹೊಸ ಸಾಲನ್ನು ಗಮನಿಸಲು ಕೆಲವು ದಿನ, ಒಮ್ಮೊಮ್ಮೆ ವಾರಗಳೇ ಹಿಡಿಯುತ್ತವೆ. ಆಮೇಲೆ ಸರ್ಚ್ ಕನ್ಸೋಲಿನಲ್ಲಿ ಆ ಒಂದು ಪುಟ, ಆ ಒಂದು ಹುಡುಕಾಟ ಎಂದು ಸೋಸಿ ಮೊದಲಿನ ಅವಧಿಯೊಂದಿಗೆ ಹೋಲಿಸಬೇಕು. ಉದಾಹರಣೆಗೆ, ಮೊದಲು 300 ಸಲ ಕಾಣಿಸಿ 6 ಜನ ಒತ್ತಿದ್ದರು, ಈಗ 300 ಸಲ ಕಾಣಿಸಿ 9 ಜನ ಒತ್ತಿದ್ದಾರೆ ಎನ್ನಿ. ಒಂದೂವರೆ ಪಟ್ಟು ಏರಿತು ಎಂದು ಸಂಭ್ರಮಿಸುವಂತಿಲ್ಲ. ಮೂರು ಜನ ಹೆಚ್ಚು ಕಡಿಮೆ ಆಗುವುದು ಯಾವ ಕಾರಣವೂ ಇಲ್ಲದೆ ನಡೆಯುತ್ತದೆ. ಸಾವಿರಗಟ್ಟಲೆ ಸಲ ಕಾಣಿಸಿದ ಮೇಲಷ್ಟೇ ಈ ಅನುಪಾತಕ್ಕೆ ಬೆಲೆ. ಈ ನಡುವೆ ಪುಟದ ಸ್ಥಾನ ಎಂಟರಿಂದ ನಾಲ್ಕಕ್ಕೆ ಏರಿದ್ದರೆ ಹೆಚ್ಚಿದ ಒತ್ತುಗಳ ಶ್ರೇಯಸ್ಸು ವಾಕ್ಯಕ್ಕಿಂತ ಸ್ಥಾನಕ್ಕೇ ಸಲ್ಲಬೇಕು. ಆಷಾಢದ ಲೆಕ್ಕವನ್ನು ಶ್ರಾವಣದ ಲೆಕ್ಕದ ಪಕ್ಕ ಇಟ್ಟರಂತೂ ಹಬ್ಬ ಮಾಡಿದ ವ್ಯಾಪಾರವನ್ನು ವಾಕ್ಯ ಮಾಡಿತೆಂದು ಬಗೆದಂತಾಗುತ್ತದೆ.

ಸಣ್ಣ ಅಂಗಡಿಗೆ ಇದಕ್ಕಿಂತ ಬೇಗ ಉತ್ತರ ಕೊಡುವುದು ಅದೇ ವಾಟ್ಸ್ಯಾಪು. ‘ಪ್ಯೂರ್ ಸಿಲ್ಕಾ?’ ಎಂಬ ಪ್ರಶ್ನೆ ಬರುವುದು ಕಡಿಮೆಯಾಗಿ, ಜನ ನೇರವಾಗಿ ‘ಗಿಳಿಹಸಿರು ಇದೆಯೇ?’ ಎಂದು ಕೇಳತೊಡಗಿದರೆ ಮೊದಲ ಸಾಲು ತನ್ನ ಕೆಲಸ ಮಾಡಿದೆ. ಒತ್ತುವವರು ಹೆಚ್ಚಾಗಿ, ಕೊಳ್ಳುವವರು ಹೆಚ್ಚದೆ, ಬೇಸರದ ಸಂದೇಶಗಳು ಬರತೊಡಗಿದರೆ ಸಾಲು ಇರುವುದಕ್ಕಿಂತ ಹೆಚ್ಚು ಹೇಳುತ್ತಿದೆ.

ಆ ಹೆಚ್ಚು ಹೇಳುವ ಆಸೆ ಹುಟ್ಟುವುದು ಕೃತಕ ರೇಷ್ಮೆಯ ಸೆರಗಿನ ಸೀರೆಯ ಮುಂದೆ ಕೂತಾಗ. ಬೆಲೆ ಕಡಿಮೆ, ಮಾರಾಟವೂ ಚೆನ್ನಾಗಿರುತ್ತದೆ. ಫೋಟೋದಲ್ಲಿ ಹೊಳಪು ಎರಡಕ್ಕೂ ಒಂದೇ ಥರ ಕಾಣುತ್ತದೆ. ‘ಸೆರಗು ರೇಷ್ಮೆ’ ಎಂದುಬಿಟ್ಟು ಒಳಗಿನ ಪುಟದಲ್ಲಿ ಸಣ್ಣದಾಗಿ ಆರ್ಟ್ ಸಿಲ್ಕ್ ಎಂದು ಬರೆಯುವವರಿದ್ದಾರೆ. ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ಎಲ್ಲಿ ಎಂದು ಕೇಳುವ, ನೂಲಿನ ಎಳೆ ಸುಟ್ಟು ವಾಸನೆ ನೋಡುವ ಗಿರಾಕಿಗಳೂ ಇದ್ದಾರೆ. ಆ ಸೀರೆಗೂ ಅದರದೇ ಹುಡುಕುವವಳು ಇದ್ದಾಳೆ: ದಿನಬಳಕೆಗೆ, ಕೆಲಸಕ್ಕೆ ಉಟ್ಟುಹೋಗಲು, ಮನೆಯಲ್ಲೇ ಒಗೆದುಕೊಳ್ಳಲು ಬೇಕೆನ್ನುವವಳು. ಅವಳು ಹೆಚ್ಚು ಸಲ ಕೇಳುವ ಪ್ರಶ್ನೆ ರೇಷ್ಮೆಯದ್ದಲ್ಲ, ಒಗೆಯುವುದರದ್ದು. ನೂಲಿನ ಬಣ್ಣ ಬಿಡುವುದಿಲ್ಲವೆಂದು ಒಂದು ಸೀರೆಯನ್ನು ತಾವೇ ಒಗೆದು ನೋಡಿ ಖಾತ್ರಿಯಾದವರು ಹೀಗೆ ಬರೆಯಬಹುದು: ‘ಮನೆಯಲ್ಲೇ ಒಗೆಯಬಹುದಾದ ಇಳಕಲ್ ಸೀರೆ. ಮೈ ಹತ್ತಿ, ಸೆರಗು ಆರ್ಟ್ ಸಿಲ್ಕ್, 6 ಗಜ.’